ಇಪ್ಪತ್ತೆರಡು ಸಾಲದು, ಇಪ್ಪತ್ಮೂರು ಸಾಕು

ಒಂದು ಕೋಣೆಯಲ್ಲಿ 23 ಜನ ಸೇರಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚು. ಈ ಮಾತನ್ನು ಬಹಳ ಜನ ಎಲ್ಲಾದರೊಂದು ಕಡೆ ಕೇಳಿರುತ್ತಾರೆ. ಮೊದಲು ನಂಬುವುದಿಲ್ಲ, ನಾಲ್ಕು ಕಡೆ ಕೇಳಿದ ಮೇಲೆ ನಂಬುತ್ತಾರೆ. ಆದರೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಲು ಕೂತವರು ಕಡಿಮೆ. ಕೂತವರೂ ಅರ್ಧದಲ್ಲೇ ಎದ್ದುಬಿಡುತ್ತಾರೆ, ಯಾಕೆಂದರೆ ಆ ಲೆಕ್ಕ ಕಷ್ಟವಿಲ್ಲದಿದ್ದರೂ ಬೇಸರ ತರಿಸುವಂಥದ್ದು.

ಲೆಕ್ಕದ ದಾರಿ ಹೀಗಿದೆ. ಇಬ್ಬರ ದಿನ ಕೂಡಿಬರುವ ಸಂಭವವನ್ನು ನೇರವಾಗಿ ಹುಡುಕುವ ಬದಲು, ಯಾರದ್ದೂ ಕೂಡಿಬರದೆ ಇರುವ ಸಂಭವವನ್ನು ಹುಡುಕಬೇಕು. ಮೊದಲನೆಯವರು ಯಾವ ದಿನ ಹುಟ್ಟಿದರೂ ಸರಿ. ಎರಡನೆಯವರು ಆ ದಿನವನ್ನು ತಪ್ಪಿಸಿಕೊಳ್ಳಬೇಕು, ಅದಕ್ಕೆ 365ರಲ್ಲಿ 364 ಅವಕಾಶ. ಮೂರನೆಯವರಿಗೆ 363. ಹೀಗೆ ಇಳಿಯುತ್ತ ಹೋದರೆ 23ನೆಯವರಿಗೆ 343 ದಿನ ಉಳಿದಿರುತ್ತವೆ. 364/365ರಿಂದ 343/365ರವರೆಗಿನ ಇಪ್ಪತ್ತೆರಡು ಭಿನ್ನರಾಶಿಗಳನ್ನು ಒಂದಕ್ಕೊಂದು ಗುಣಿಸಿದರೆ ಸುಮಾರು 0.4927 ಬರುತ್ತದೆ. ಅರ್ಧಕ್ಕಿಂತ ತುಸು ಕಡಿಮೆ. ಅಂದರೆ ಕೂಡಿಬರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು.

ಕ್ಯಾಲ್ಕ್ಯುಲೇಟರ್ ಇದ್ದರೆ ಇದು ಎರಡು ನಿಮಿಷದ ಕೆಲಸ. ಬುಡಾಪೆಸ್ಟ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಗಣಿತಜ್ಞ ಪಾಲ್ ಹಾಲ್ಮೋಸ್ ಅವರಿಗೆ ಈ ದಾರಿ ಹಿಡಿಸುತ್ತಿರಲಿಲ್ಲ. 1985ರಲ್ಲಿ ಬಂದ ತಮ್ಮ ಆತ್ಮಕಥನದಲ್ಲಿ ಅವರು ಈ ಸಮಸ್ಯೆಯನ್ನೇ ಎತ್ತಿಕೊಂಡು, ಅದನ್ನು ಬಿಡಿಸಬೇಕಾದದ್ದು ಯಂತ್ರದ ಗುಣಾಕಾರದಿಂದಲ್ಲ, ಒಂದು ಸಣ್ಣ ಅಸಮತೆಯಿಂದ ಎಂದು ವಾದಿಸಿದರು. ಅವರ ಪಕ್ಷ ಸರಿ ಎಂದೇ ನನಗೂ ಅನ್ನಿಸುತ್ತದೆ. 0.4927 ಎಂಬ ಉತ್ತರ ಸರಿಯಾಗಿಯೇ ಇದೆ, ಆದರೆ 23 ಯಾಕೆ, 40 ಯಾಕಲ್ಲ ಎಂಬುದಕ್ಕೆ ಅದರಲ್ಲಿ ಸುಳಿವಿಲ್ಲ. ಅಸಮತೆಯ ದಾರಿಯಲ್ಲಿ ಆ ಕಾರಣ ಕಣ್ಣಿಗೇ ಕಾಣುತ್ತದೆ.

ಆ ಅಸಮತೆ ಇಷ್ಟೇ:

e^x ≥ 1 + x

ಇದರಲ್ಲಿ e ಎಂಬ ಅಕ್ಷರ ಕಂಡರೆ ಹಲವರಿಗೆ ಕಾಲೇಜಿನ ದಿನಗಳ ಹಳೆಯ ಭಯ ಮರಳಬಹುದು. ಭಯಪಡುವಂಥದ್ದೇನಿಲ್ಲ, ಈ ಸಂಖ್ಯೆ ಹುಟ್ಟಿದ್ದು ಬಡ್ಡಿಯ ಲೆಕ್ಕದಲ್ಲಿ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ವಿಸ್ ಗಣಿತಜ್ಞ ಯಾಕೋಬ್ ಬರ್ನೂಲಿ ಒಂದು ಪ್ರಶ್ನೆ ಕೇಳಿಕೊಂಡ. ವರ್ಷಕ್ಕೆ ಶೇ 100 ಬಡ್ಡಿಗೆ ಒಂದು ರೂಪಾಯಿ ಇಟ್ಟರೆ ವರ್ಷದ ಕೊನೆಗೆ ಎರಡು ರೂಪಾಯಿ. ಅದೇ ಬಡ್ಡಿಯನ್ನು ಆರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸಿದರೆ 2.25. ತಿಂಗಳಿಗೊಮ್ಮೆ ಸೇರಿಸಿದರೆ 2.613. ದಿನಕ್ಕೊಮ್ಮೆ ಸೇರಿಸಿದರೆ 2.7146. ಕ್ಷಣಕ್ಷಣಕ್ಕೂ ಸೇರಿಸುತ್ತಲೇ ಹೋದರೆ? ಮೊತ್ತ ಬೆಳೆದು ಬೆಳೆದು ಆಕಾಶ ಮುಟ್ಟುವುದಿಲ್ಲ, 2.71828ರ ಹತ್ತಿರ ನಿಂತುಬಿಡುತ್ತದೆ. ಆ ನಿಲುಗಡೆಯೇ e.

ಹೀಗಾಗಿ e^x ಎಂದರೆ, ಒಟ್ಟು x ದರದ ಬಡ್ಡಿಯನ್ನು ಕ್ಷಣಕ್ಷಣಕ್ಕೂ ಅಸಲಿಗೆ ಸೇರಿಸುತ್ತ ಹೋದಾಗ ಒಂದು ರೂಪಾಯಿ ಎಷ್ಟಾಗುತ್ತದೆಯೋ ಅಷ್ಟು. 1 + x ಎಂದರೆ ಅದೇ ದರದ ಸರಳ ಬಡ್ಡಿಯಲ್ಲಿ ಅದು ಎಷ್ಟಾಗುತ್ತದೆಯೋ ಅಷ್ಟು. ಚಕ್ರಬಡ್ಡಿ ಸರಳ ಬಡ್ಡಿಗಿಂತ ಕಡಿಮೆಯಾಗಲು ಸಾಧ್ಯವೇ? ಬಡ್ಡಿಯ ಮೇಲೆ ಬಡ್ಡಿ ಕೂಡುವಾಗ ಮೊತ್ತ ಹೆಚ್ಚಲೇಬೇಕು. x ಧನವಾಗಿದ್ದಾಗ ಅಸಮತೆಗೆ ಇಷ್ಟೇ ಆಧಾರ ಸಾಕು.

x ಋಣವಾದರೆ ಬೆಳವಣಿಗೆಯ ಜಾಗದಲ್ಲಿ ಸವಕಳಿ ಬರುತ್ತದೆ. ಒಂದು ಯಂತ್ರದ ಬೆಲೆಯನ್ನು ವರ್ಷವರ್ಷವೂ ಇಳಿಸಿ ಬರೆಯಲು ಲೆಕ್ಕಿಗರು ಎರಡು ಪದ್ಧತಿ ಅನುಸರಿಸುತ್ತಾರೆ. ಒಂದರಲ್ಲಿ ಪ್ರತಿ ಸಲವೂ ಮೂಲ ಬೆಲೆಯ ಇಂತಿಷ್ಟು ಭಾಗ ಕಳೆಯುತ್ತಾರೆ, ಇನ್ನೊಂದರಲ್ಲಿ ಉಳಿದ ಬೆಲೆಯ ಅಷ್ಟೇ ಭಾಗ ಕಳೆಯುತ್ತಾರೆ. ಉಳಿದದ್ದರ ಮೇಲೆ ಕಳೆದಾಗ ಕಳೆಯುವ ಮೊತ್ತವೇ ಸಣ್ಣದಾಗುತ್ತ ಹೋಗುವುದರಿಂದ ಕೊನೆಗೆ ಹೆಚ್ಚು ಉಳಿಯುತ್ತದೆ. ಮೊದಲ ಪದ್ಧತಿಯಲ್ಲಿ ಪೂರ್ತಿ ಶೇ 100 ಕಳೆದಾಗ ಉಳಿಯುವುದು ಸೊನ್ನೆ. ಎರಡನೆಯದನ್ನು ಕ್ಷಣಕ್ಷಣದ ಮಟ್ಟಕ್ಕೆ ಒಯ್ದರೆ ಆಗಲೂ 0.3679 ಉಳಿದಿರುತ್ತದೆ. ಹೀಗೆ ಏರಿಕೆಯಲ್ಲೂ ಇಳಿಕೆಯಲ್ಲೂ e^x ಮೇಲೆ, 1 + x ಕೆಳಗೆ. ಎರಡೂ ಒಂದಾಗುವುದು x ಸೊನ್ನೆಯಾದಾಗ ಮಾತ್ರ. ಗ್ರಾಫ್ ಎಳೆದರೆ e^x ಬಾಗಿ ಏರುವ ವಕ್ರರೇಖೆ, 1 + x ಅದನ್ನು ಒಂದೇ ಬಿಂದುವಿನಲ್ಲಿ ಕೆಳಗಿನಿಂದ ತಾಗುವ ಸ್ಪರ್ಶಕ.

ಈ ಗುಣ e ಒಂದಕ್ಕೇ ಸೇರಿದ್ದು. ಅದರ ಬದಲು 2 ಇಟ್ಟು ನೋಡಿ: ಎರಡರ ಅರ್ಧ ಘಾತ, ಅಂದರೆ ಎರಡರ ವರ್ಗಮೂಲ, 1.414. ಅದು 1.5ಕ್ಕಿಂತ ಕೆಳಗೇ ಉಳಿಯಿತು. 3 ಇಟ್ಟರೆ ಸೊನ್ನೆಯ ಎಡಗಡೆ ಎಡವುತ್ತದೆ: x ಅನ್ನು −0.05 ಎಂದು ತೆಗೆದುಕೊಂಡರೆ 0.9466 ಬರುತ್ತದೆ, ಬೇಕಾದದ್ದು 0.95. ಎರಡೂ ಕಡೆ ಎಲ್ಲಿಯೂ ಗೆರೆಯಿಂದ ಕೆಳಗಿಳಿಯದೆ ನಿಲ್ಲುವ ಆಧಾರಸಂಖ್ಯೆ e ಮಾತ್ರ.

ಎರಡರ ನಡುವಿನ ಅಂತರ ಎಷ್ಟು ಎಂಬುದೂ ಗೊತ್ತಿರಬೇಕು. x ಸಣ್ಣದಿದ್ದಾಗ ಅದು ಸರಿಸುಮಾರು x²ದ ಅರ್ಧ. x = 0.01 ಇದ್ದರೆ ಒಂದು ಕಡೆ 1.01, ಇನ್ನೊಂದು ಕಡೆ 1.01005, ನಡುವೆ ಕೂದಲೆಳೆ. x = 1 ಆದಾಗ 2ಕ್ಕೂ 2.718ಕ್ಕೂ ದೊಡ್ಡ ಕಂದರವೇ ಇದೆ. ಆದ್ದರಿಂದ ಈ ಅಸಮತೆ ಕೆಲಸಕ್ಕೆ ಬರುವುದು x ಸಣ್ಣದಾಗಿರುವ ಕಡೆ. ಹುಟ್ಟುಹಬ್ಬದ ಲೆಕ್ಕದಲ್ಲಿ ಬರುವುದು 1/365, 2/365ರಂಥ ಸಣ್ಣ ಸಂಖ್ಯೆಗಳೇ.

ಈಗ ಆ ಇಪ್ಪತ್ತೆರಡು ಭಿನ್ನರಾಶಿಗಳ ಕಡೆ ತಿರುಗೋಣ. 364/365 ಎಂದರೆ 1 − 1/365. ಅಸಮತೆಯಲ್ಲಿ x ಜಾಗಕ್ಕೆ −1/365 ಹಾಕಿದರೆ ಇದು e^(−1/365)ಕ್ಕಿಂತ ಹೆಚ್ಚಾಗದು. ಮುಂದಿನದು e^(−2/365)ಕ್ಕಿಂತ ಹೆಚ್ಚಾಗದು. ಹೀಗೆ 22/365ರವರೆಗೆ. ಘಾತಗಳನ್ನು ಗುಣಿಸುವಾಗ ಮೇಲಿರುವ ಸಂಖ್ಯೆಗಳನ್ನು ಕೂಡಿದರೆ ಸಾಕು ಎಂಬುದು ಶಾಲೆಯಲ್ಲೇ ಕಲಿತ ನಿಯಮ. ಇಡೀ ಗುಣಾಕಾರ ಇಲ್ಲಿ ಒಂದೇ ಏಟಿಗೆ ಸಂಕಲನವಾಗಿಬಿಡುತ್ತದೆ. 1 + 2 + 3 + … + 22 = 253. ಆದ್ದರಿಂದ

ಯಾರದ್ದೂ ಕೂಡಿಬರದ ಸಂಭವ ≤ e^(−253/365)

253 ಎಲ್ಲಿಂದಲೋ ಬಂದ ಸಂಖ್ಯೆಯಲ್ಲ. 23 ಜನರಲ್ಲಿ ಇಬ್ಬಿಬ್ಬರಂತೆ ಜೋಡಿ ಮಾಡಿದರೆ ಸರಿಯಾಗಿ 253 ಜೋಡಿಗಳಾಗುತ್ತವೆ. ‘23 ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ನಮ್ಮ ಮನಸ್ಸು 23 ಜನರನ್ನು ಎಣಿಸಿ, 365ರ ಮುಂದೆ ಇದು ಎಷ್ಟರದು ಎಂದು ಅಳೆಯುತ್ತದೆ. ಆದರೆ ಇಬ್ಬರು ಕೂಡಿಬರಲು ಇರುವ ಅವಕಾಶಗಳು 253, ಅಂದರೆ ದಿನಗಳ ಸಂಖ್ಯೆಯ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು.

e ಯಾವ ಘಾತದಲ್ಲಿ ಅರ್ಧಕ್ಕೆ ಇಳಿಯುತ್ತದೆ? ಎರಡರ ಸಹಜ ಲಾಗರಿದಮ್ 0.693147. 253ನ್ನು 365ರಿಂದ ಭಾಗಿಸಿದರೆ 0.693151. ಎಂಥ ಸಮೀಪ! ದಶಮಾಂಶದ ಆರನೆಯ ಸ್ಥಾನದಲ್ಲಿ ನಾಲ್ಕರ ವ್ಯತ್ಯಾಸ, ಅದೂ ನಮಗೆ ಬೇಕಾದ ಕಡೆಗೇ. ಆದ್ದರಿಂದ ಯಾರದ್ದೂ ಕೂಡಿಬರದ ಸಂಭವ ಅರ್ಧಕ್ಕಿಂತ ಕಡಿಮೆ ಎಂಬುದು ಸಾಬೀತಾಯಿತು. ವರ್ಷಕ್ಕೆ 366 ದಿನ ಎಂದುಕೊಂಡಿದ್ದರೆ ಈ ದಾರಿ ಕೂದಲೆಳೆಯಲ್ಲಿ ತಪ್ಪುತ್ತಿತ್ತು. ಉತ್ತರ ಆಗಲೂ 23 ಆಗಿಯೇ ಉಳಿಯುತ್ತಿತ್ತು, ಆದರೆ ಸಾಧಿಸಲು ಇನ್ನೂ ಬಿಗಿಯಾದ ಅಸಮತೆ ಬೇಕಾಗುತ್ತಿತ್ತು.

23 ಸಾಕು ಎಂದಾಯಿತು. 22 ಸಾಲದು ಎಂದು ಹೇಗೆ ಹೇಳುವುದು? ಎಷ್ಟೋ ಬರಹಗಳು ಕಾಲು ಜಾರುವುದು ಇಲ್ಲೇ. ಅದೇ ಸೂತ್ರಕ್ಕೆ 22 ಜನರನ್ನು ಹಾಕಿದರೆ 231 ಜೋಡಿಗಳು, 231/365 = 0.6329, ಅದರಿಂದ ಬರುವ ಮಿತಿ 0.531. ಇದು ಅರ್ಧಕ್ಕಿಂತ ಹೆಚ್ಚಿದೆ, ಆದ್ದರಿಂದ 22 ಸಾಲದು ಎಂದು ಬರೆದುಬಿಡುತ್ತಾರೆ. ತೀರ್ಮಾನ ನಿಜ, ತರ್ಕ ತಪ್ಪು. ನಮ್ಮ ಅಸಮತೆ ಹೇಳಿದ್ದು ಸಂಭವ 0.531ಕ್ಕಿಂತ ಹೆಚ್ಚಿಲ್ಲ ಎಂದು ಮಾತ್ರ. 0.531ರ ಕೆಳಗೆ ಅದು ಎಲ್ಲಿ ಬೇಕಾದರೂ ಇರಬಹುದು, 0.48 ಕೂಡ ಆಗಿರಬಹುದು. ಚಾವಣಿಯ ಎತ್ತರ ತಿಳಿದ ಮಾತ್ರಕ್ಕೆ ನೆಲ ಎಲ್ಲಿದೆ ಎಂದು ತಿಳಿಯುವುದಿಲ್ಲ. ಇಲ್ಲಿ ಬೇಕಾದದ್ದು ನೆಲ.

ಅದಕ್ಕಾಗಿ ಅಸಮತೆಯನ್ನು ಲಾಗರಿದಮ್ ರೂಪಕ್ಕೆ ತಿರುಗಿಸೋಣ. x ಜಾಗದಲ್ಲಿ t − 1 ಹಾಕಿ ಎರಡೂ ಕಡೆಯ ಲಾಗರಿದಮ್ ತೆಗೆದರೆ

ln t ≤ t − 1

ಇದನ್ನೂ ಬಡ್ಡಿಯ ಭಾಷೆಯಲ್ಲೇ ಓದಬಹುದು. ಒಂದು ರೂಪಾಯಿ t ರೂಪಾಯಿ ಆಗಲು ಸರಳ ಬಡ್ಡಿಯಲ್ಲಿ ಒಟ್ಟು t − 1 ದರ ಬೇಕು. ಕ್ಷಣಕ್ಷಣದ ಚಕ್ರಬಡ್ಡಿಯಲ್ಲಿ ln t ಸಾಕು. ಎರಡು ರೂಪಾಯಿ ಆಗಲು ಒಂದರಲ್ಲಿ ಶೇ 100, ಇನ್ನೊಂದರಲ್ಲಿ ಶೇ 69.3.

ಈ ಸಾಲಿನಲ್ಲಿ t ಬದಲು 1/t ಹಾಕಿ ನೋಡಿ. ln(1/t) ಎಂದರೆ −ln t. ಚಿಹ್ನೆ ಬದಲಾದಾಗ ಅಸಮತೆಯ ಬಾಯಿಯೂ ತಿರುಗುತ್ತದೆ, ಸಿಗುವುದು ln t ≥ 1 − 1/t. ಚಾವಣಿ ಇದ್ದದ್ದು ನೆಲವಾಯಿತು. ಹೊಸದೇನನ್ನೂ ಸಾಧಿಸಬೇಕಾಗಲಿಲ್ಲ ಎಂಬುದೇ ಇದರ ಸೊಗಸು. t ಎಂಬುದನ್ನು 1 − k/365 ಎಂದು ಇಟ್ಟುಕೊಂಡರೆ ಬಲಗಡೆ −k/(365 − k) ಬರುತ್ತದೆ. ಅಂದರೆ ಪ್ರತಿ ಭಿನ್ನರಾಶಿಯೂ e^(−k/(365 − k))ಕ್ಕಿಂತ ಕಡಿಮೆಯಾಗದು.

22 ಜನರಿದ್ದಾಗ k ಎಂಬುದು 1ರಿಂದ 21ರವರೆಗೆ ಓಡುತ್ತದೆ. ಛೇದ 364ರಿಂದ ಇಳಿಯುತ್ತ 344ಕ್ಕೆ ಬರುತ್ತದೆ. ಬೇರೆ ಬೇರೆ ಛೇದಗಳ ಜೊತೆ ಗುದ್ದಾಡುವುದೇಕೆ, ಎಲ್ಲ ಕಡೆಯೂ ಅತಿ ಸಣ್ಣದಾದ 344ನ್ನೇ ಹಾಕೋಣ. ಭಾಗಲಬ್ಧಗಳು ನಿಜಕ್ಕಿಂತ ಸ್ವಲ್ಪ ದೊಡ್ಡದಾಗುತ್ತವೆ, ನೆಲ ಸ್ವಲ್ಪ ಕೆಳಗಿಳಿಯುತ್ತದೆ, ಅದರಿಂದ ನಮಗೆ ಮೋಸವಿಲ್ಲ. ಮೊತ್ತ 231/344 = 0.6715. ಇದು 0.6931ಕ್ಕಿಂತ ಕಡಿಮೆ. ಆದ್ದರಿಂದ ಯಾರದ್ದೂ ಕೂಡಿಬರದ ಸಂಭವ ಕನಿಷ್ಠ 0.51, ಅರ್ಧಕ್ಕಿಂತ ಹೆಚ್ಚು. 22 ಸಾಲದು ಎಂಬುದಕ್ಕೆ ಈಗ ಪುರಾವೆ ಸಿಕ್ಕಿತು. ನಿಖರ ಬೆಲೆ 0.5243, ನಮ್ಮ ನೆಲಕ್ಕೂ ಚಾವಣಿಗೂ ನಡುವೆ.

ಎರಡು ಕೂಡಿಕೆ, ಎರಡು ಭಾಗಾಕಾರ, ಲಾಗ್ ಪುಸ್ತಕದಿಂದ ಒಂದು ಸಂಖ್ಯೆ. ಇಷ್ಟರಲ್ಲಿ ಉತ್ತರ 22ರ ಮೇಲೆ, 23ರೊಳಗೆ ಸಿಕ್ಕಿಬಿತ್ತು.

ವರ್ಷದ ಎಲ್ಲ ದಿನಗಳಲ್ಲೂ ಒಂದೇ ಪ್ರಮಾಣದಲ್ಲಿ ಮಕ್ಕಳು ಹುಟ್ಟುತ್ತಾರೆ ಎಂಬ ಊಹೆ ಈ ಲೆಕ್ಕದ ಹಿಂದಿದೆ. ವಾಸ್ತವದಲ್ಲಿ ಹಾಗಿಲ್ಲ. ನಮ್ಮ ಕಡೆಯಂತೂ ಹಿಂದಿನ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1! ಶಾಲೆಗೆ ಸೇರಿಸುವಾಗ ದಿನಾಂಕ ಗೊತ್ತಿಲ್ಲದಿದ್ದರೆ ಮೇಷ್ಟ್ರು ಬರೆದುಕೊಳ್ಳುತ್ತಿದ್ದದ್ದು ಅದನ್ನೇ. ಇಂಥ ಏರುಪೇರು ಇದ್ದರೆ ಕೂಡಿಬರುವ ಸಂಭವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆದ್ದರಿಂದ ‘23 ಸಾಕು’ ಎಂಬ ಮಾತಿಗೆ ಧಕ್ಕೆಯಿಲ್ಲ. ‘22 ಸಾಲದು’ ಎಂಬ ಮಾತನ್ನು ಮಾತ್ರ ನಿವೃತ್ತ ನೌಕರರ ಸಭೆಯಲ್ಲಿ ಹೇಳಬಾರದು.

ಹುಟ್ಟುಹಬ್ಬದ ಜಾಗದಲ್ಲಿ ಬೇರೆ ಏನನ್ನು ಇಟ್ಟರೂ ಲೆಕ್ಕ ಇದೇ. ಒಂದು ಸಂಸ್ಥೆ ತನ್ನ ಗ್ರಾಹಕರಿಗೆ ಆರಂಕಿಯ ಕೂಪನ್ ಸಂಖ್ಯೆಗಳನ್ನು ಕಣ್ಣುಮುಚ್ಚಿ ಆರಿಸಿ ಕೊಡುತ್ತದೆ ಎನ್ನಿ. ಸಂಖ್ಯೆಗಳು ಹತ್ತು ಲಕ್ಷ ಇವೆ, ಇಬ್ಬರಿಗೆ ಒಂದೇ ಸಂಖ್ಯೆ ಹೋಗುವುದು ಅಪರೂಪ ಎನ್ನಿಸುತ್ತದೆ. ಜೋಡಿಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ಭಾಗಿಸಿದಾಗ 0.6931 ದಾಟಬೇಕು, ಅಷ್ಟೇ ಷರತ್ತು. 1,178 ಗ್ರಾಹಕರಿಗೇ ಅದು ದಾಟುತ್ತದೆ. ಕಂಪ್ಯೂಟರ್ ಭದ್ರತೆಯ ಕೆಲಸ ಮಾಡುವವರು ಸಂಕೇತಗಳನ್ನು ನಮಗೆ ಅನಗತ್ಯ ಎನ್ನಿಸುವಷ್ಟು ಉದ್ದ ಮಾಡುವುದಕ್ಕೆ ಒಂದು ಕಾರಣ ಈ ಜೋಡಿಗಳ ಕಾಟ.

ಇನ್ನೊಂದು ಬಗೆಯ ಪ್ರಶ್ನೆಯಲ್ಲೂ ಇದೇ ಅಸಮತೆ ದಿನನಿತ್ಯ ಬಳಕೆಯಾಗುತ್ತದೆ. ನೂರಕ್ಕೆ ಒಂದರಂತೆ ದೋಷವಿರುವ ಬಲ್ಬುಗಳ ದೊಡ್ಡ ರಾಶಿಯಿದೆ. ನೂರು ಬಲ್ಬು ತೆಗೆದು ಪರೀಕ್ಷಿಸಿದರೆ ಕೆಟ್ಟದ್ದೊಂದು ಸಿಕ್ಕೇ ಸಿಗುತ್ತದೆ ಎಂದು ಎಣಿಸುವವರು ಬಹಳ. ಒಂದೂ ಸಿಗದಿರುವ ಸಂಭವ 0.99ರ ನೂರನೆಯ ಘಾತ, ಅಂದರೆ 0.366. ಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚಾಗಿ ಕೈ ಖಾಲಿ. ಹಾಗಾದರೆ ಶೇ 99 ಖಾತ್ರಿ ಬೇಕಿದ್ದರೆ ಎಷ್ಟು ತೆಗೆಯಬೇಕು? 0.99 ಎಂಬುದು e^(−0.01)ಕ್ಕಿಂತ ಹೆಚ್ಚಲ್ಲ. n ಬಲ್ಬು ತೆಗೆದರೆ ತಪ್ಪಿಹೋಗುವ ಸಂಭವ e^(−n/100)ಕ್ಕಿಂತ ಹೆಚ್ಚಲ್ಲ. ಇದು 1/100 ಆಗಲು n/100 ಎಂಬುದು 4.605, ಅಂದರೆ ನೂರರ ಲಾಗರಿದಮ್, ಆಗಬೇಕು. ಆದ್ದರಿಂದ 461 ಸಾಕು. ಪೂರ್ತಿ ನಿಖರವಾಗಿ ಲೆಕ್ಕ ಹಾಕಿದರೆ 459. ಎರಡು ಬಲ್ಬು ಹೆಚ್ಚು ಪರೀಕ್ಷಿಸಿದ್ದರಿಂದ ನಷ್ಟವೇನಿಲ್ಲ, ತಪ್ಪಿದರೂ ಎಚ್ಚರಿಕೆಯ ಕಡೆಗೆ ತಪ್ಪಿದೆ. ಒಂದು ಬಲ್ಬು ಕೆಟ್ಟಿರುವುದಕ್ಕೂ ಇನ್ನೊಂದು ಕೆಟ್ಟಿರುವುದಕ್ಕೂ ಸಂಬಂಧ ಇರಬಾರದು ಎಂಬುದು ಇಲ್ಲಿಯ ಷರತ್ತು. ಕೆಟ್ಟವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಕೂತಿದ್ದು, ನೀವು ಬೇರೆ ಪೆಟ್ಟಿಗೆಯಿಂದ 461 ತೆಗೆದಿದ್ದರೆ ಯಾವ ಅಸಮತೆಯೂ ನಿಮ್ಮನ್ನು ಕಾಯುವುದಿಲ್ಲ.

ಹೊಸದಾಗಿ ಕಲಿಯುವವರು ಎಡವುವ ಕಡೆ ಇನ್ನೊಂದಿದೆ. ಅಸಮತೆಗಳನ್ನು ಒಂದಕ್ಕೊಂದು ಗುಣಿಸಲು ಎಲ್ಲ ಅಂಶಗಳೂ ಸೊನ್ನೆಯೋ ಧನವೋ ಆಗಿರಬೇಕು. x ಎಂಬುದು −3 ಆದರೆ 1 + x ಎಂಬುದು −2. ಅದು e^(−3)ಕ್ಕಿಂತ ಕಡಿಮೆ ಎಂಬುದೇನೋ ನಿಜ. ಆದರೆ ಅಂಥ ಎರಡನ್ನು ಗುಣಿಸಿದರೆ ಎಡಗಡೆ 4, ಬಲಗಡೆ e^(−6), ಅಂದರೆ 0.0025. ಅಸಮತೆ ತಲೆಕೆಳಗಾಯಿತು. ಹುಟ್ಟುಹಬ್ಬದ ಲೆಕ್ಕದಲ್ಲಿ ಈ ಅಪಾಯ ಬರಲಿಲ್ಲ, ಯಾಕೆಂದರೆ ಅಲ್ಲಿ ಇದ್ದವೆಲ್ಲ ಸಂಭವಗಳು.

ಬಡ್ಡಿಯಿಂದ ಹುಟ್ಟಿದ ಅಸಮತೆ ಬಡ್ಡಿಯ ಬಗ್ಗೆ ಏನು ಹೇಳುತ್ತದೆ? ಒಂದು ಲಕ್ಷ ರೂಪಾಯಿಯನ್ನು ಶೇ 12ರ ದರದಲ್ಲಿ ಇಟ್ಟರೆ, ವರ್ಷಕ್ಕೊಮ್ಮೆ ಬಡ್ಡಿ ಕೂಡಿದಾಗ 1,12,000 ಆಗುತ್ತದೆ. ತಿಂಗಳಿಗೊಮ್ಮೆ ಕೂಡಿದರೆ ಸುಮಾರು 1,12,683. ದಿನಕ್ಕೊಮ್ಮೆ ಕೂಡಿದರೆ 1,12,747. ಗಂಟೆಗೊಮ್ಮೆ, ನಿಮಿಷಕ್ಕೊಮ್ಮೆ ಎಂದು ಯಾರು ಎಷ್ಟೇ ಆಸೆ ಹುಟ್ಟಿಸಿದರೂ 1,12,750 ದಾಟುವುದಿಲ್ಲ, ಯಾಕೆಂದರೆ ಪ್ರತಿ ಕಂತಿನ 1 + x ಕೂಡ e^xಗಿಂತ ಕೆಳಗೆ. ‘ದಿನದಿನಕ್ಕೂ ಬಡ್ಡಿ’ ಎಂಬ ಜಾಹೀರಾತಿಗೆ ಮರುಳಾಗುವ ಮುನ್ನ ಗಮನಿಸಿ: ತಿಂಗಳ ಲೆಕ್ಕಕ್ಕೂ ಅದಕ್ಕೂ ಲಕ್ಷಕ್ಕೆ ಅರವತ್ತೈದು ರೂಪಾಯಿಯಷ್ಟು ವ್ಯತ್ಯಾಸ.

ದುಡ್ಡು ದುಪ್ಪಟ್ಟಾಗುವ ಅವಧಿಗೂ ಇಂಥ ಮಿತಿಯೊಂದಿದೆ. ವರ್ಷಕ್ಕೆ ದರ r ಇದ್ದರೆ ದುಪ್ಪಟ್ಟಾಗಲು ಬೇಕಾದ ವರ್ಷಗಳು 0.6931ನ್ನು ln(1 + r)ನಿಂದ ಭಾಗಿಸಿದಷ್ಟು. ln(1 + r) ಎಂಬುದು rಗಿಂತ ಹೆಚ್ಚಲ್ಲ, ಆದ್ದರಿಂದ ಅವಧಿ 0.6931/rಗಿಂತ ಕಡಿಮೆಯಾಗದು. ಶೇಕಡಾ ಲೆಕ್ಕದಲ್ಲಿ ಹೇಳುವುದಾದರೆ 69.3ನ್ನು ದರದಿಂದ ಭಾಗಿಸಿ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರಕ್ಕೆ 2023ರ ಏಪ್ರಿಲ್‌ನಲ್ಲಿ ಶೇ 7.5 ದರ ನಿಗದಿಯಾಯಿತು, ದುಪ್ಪಟ್ಟಾಗುವ ಅವಧಿ 115 ತಿಂಗಳು. ನಮ್ಮ ಮಿತಿಯ ಪ್ರಕಾರ 9.24 ವರ್ಷ, ಸುಮಾರು 111 ತಿಂಗಳು. ಅದಕ್ಕಿಂತ ಮೊದಲು ಆ ದರದಲ್ಲಿ ದುಪ್ಪಟ್ಟಾಗುವುದು ಅಸಾಧ್ಯ. ವರ್ಷಕ್ಕೊಮ್ಮೆ ಬಡ್ಡಿ ಕೂಡುವುದರಿಂದ ಇನ್ನು ನಾಲ್ಕು ತಿಂಗಳು ಹಿಡಿಯುತ್ತದೆ. ಐದು ವರ್ಷದಲ್ಲಿ ದುಪ್ಪಟ್ಟು ಮಾಡಿಕೊಡುತ್ತೇವೆ, ದರ ಶೇ 12 ಎಂದು ಯಾರಾದರೂ ಹೇಳಿದರೆ ಪೆನ್ನು ಕೂಡ ತೆಗೆಯಬೇಕಿಲ್ಲ. ಐದು ವರ್ಷಕ್ಕೆ ಕನಿಷ್ಠ ಶೇ 13.86 ಬೇಕು. ವರ್ಷಕ್ಕೊಮ್ಮೆ ಬಡ್ಡಿ ಕೂಡುವುದಾದರೆ ಶೇ 14.87.

ಬ್ಯಾಂಕಿನವರು 69.3ರ ಬದಲು 72 ಬಳಸುತ್ತಾರಲ್ಲ ಎಂದು ಕೇಳಬಹುದು. ಅದರ ಮೂಲವೂ ಇಲ್ಲೇ. r ಮತ್ತು ln(1 + r) ನಡುವಿನ ಅಂತರ ಸುಮಾರು r²ದ ಅರ್ಧ ಎಂದು ಸೇರಿಸಿಕೊಂಡರೆ, 69.3ಕ್ಕೆ ದರದ ಪ್ರತಿ ಶೇಕಡಾ ಒಂದಕ್ಕೆ 0.35ರಂತೆ ಕೂಡಬೇಕಾಗುತ್ತದೆ. ಶೇ 8ಕ್ಕೆ ಅದು ಹೆಚ್ಚುಕಡಿಮೆ 72. ಜೊತೆಗೆ 72ನ್ನು 6, 8, 9, 12ರಿಂದ ಸಲೀಸಾಗಿ ಭಾಗಿಸಬಹುದು. ಆದರೆ 72 ಒಂದು ಅಂದಾಜು. ದರ ಶೇ 8ರ ಕೆಳಗಿದ್ದರೆ ಅದು ಸ್ವಲ್ಪ ಹೆಚ್ಚು ಹೇಳುತ್ತದೆ, ಮೇಲಿದ್ದರೆ ಕಡಿಮೆ ಹೇಳುತ್ತದೆ. ಯಾವ ಕಡೆ ತಪ್ಪುತ್ತದೆ ಎಂಬ ಭರವಸೆ ಅದರಲ್ಲಿಲ್ಲ. 69.3 ಎಂದೂ ಹೆಚ್ಚು ಹೇಳುವುದಿಲ್ಲ.

ಈ ಅಸಮತೆಯ ಅತ್ಯಂತ ಚಂದದ ಬಳಕೆ ಯಾವುದು ಎಂದರೆ ನಾನು ಜಾರ್ಜ್ ಪೋಲ್ಯಾ ಅವರ ಹೆಸರು ಹೇಳುತ್ತೇನೆ. 1887ರಲ್ಲಿ ಇವರೂ ಹುಟ್ಟಿದ್ದು ಬುಡಾಪೆಸ್ಟ್‌ನಲ್ಲೇ. ಸಮಾಂತರ ಮಾಧ್ಯ ಗುಣೋತ್ತರ ಮಾಧ್ಯಕ್ಕಿಂತ ಎಂದೂ ಕಡಿಮೆಯಾಗದು ಎಂಬ ಹಳೆಯ ಪ್ರಮೇಯಕ್ಕೆ ಇವರು ಕೊಟ್ಟ ಸಾಧನೆ ಮೂರು ಸಾಲಿನದು. ಅದು ಅವರಿಗೆ ಕನಸಿನಲ್ಲಿ ಹೊಳೆಯಿತು ಎಂಬ ಕಥೆ ಗಣಿತದವರ ನಡುವೆ ಓಡಾಡುತ್ತದೆ.

ಹೂಡಿಕೆಯ ಉದಾಹರಣೆಯಲ್ಲೇ ನೋಡೋಣ. ಒಂದು ಹೂಡಿಕೆ ಮೊದಲ ವರ್ಷ ಶೇ 30 ಏರಿತು, ಎರಡನೆಯ ವರ್ಷ ಶೇ 20 ಇಳಿಯಿತು, ಮೂರನೆಯ ವರ್ಷ ಶೇ 2 ಏರಿತು. ಸರಾಸರಿ ಲಾಭ ವರ್ಷಕ್ಕೆ ಶೇ 4 ಎಂದು ಏಜೆಂಟರು ಹೇಳಬಹುದು, ಕೂಡಿ ಮೂರರಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಕೈಗೆ ಬರುವುದು ಬೇರೆ. 1.30, 0.80, 1.02 ಗುಣಿಸಿದರೆ 1.0608. ಲಕ್ಷ ರೂಪಾಯಿ 1,06,080 ಆಗಿದೆ, ಪ್ರತಿ ವರ್ಷವೂ ಶೇ 4 ಬಂದಿದ್ದರೆ 1,12,486 ಆಗುತ್ತಿತ್ತು. ನಿಜವಾದ ವಾರ್ಷಿಕ ಬೆಳವಣಿಗೆ ಶೇ 2ನ್ನೂ ಮುಟ್ಟಿಲ್ಲ.

ಇದು ಈ ಮೂರು ಸಂಖ್ಯೆಗಳ ದುರದೃಷ್ಟವೇ? ಪೋಲ್ಯಾ ಹೇಳುವಂತೆ, ಯಾವ ಸಂಖ್ಯೆಗಳಿದ್ದರೂ ಹೀಗೇ. ಮೂರೂ ಗುಣಕಗಳನ್ನು ಅವುಗಳ ಸರಾಸರಿ 1.04ರಿಂದ ಭಾಗಿಸಿ: 1.25, 0.769, 0.981. ಇವುಗಳಲ್ಲಿ ಪ್ರತಿಯೊಂದನ್ನೂ t ಎಂದುಕೊಂಡರೆ t ≤ e^(t − 1). ಮೂರನ್ನೂ ಗುಣಿಸಿದಾಗ ಬಲಗಡೆಯ ಘಾತಗಳು ಕೂಡಿಕೊಳ್ಳುತ್ತವೆ: 0.25, −0.231, −0.019. ಮೊತ್ತ ಸೊನ್ನೆ. ಆಗಲೇಬೇಕು, ಸರಾಸರಿಯಿಂದ ಇರುವ ಏರಿಳಿತಗಳ ಮೊತ್ತ ಯಾವಾಗಲೂ ಸೊನ್ನೆಯೇ. ಆದ್ದರಿಂದ ಬಲಗಡೆ e^0, ಅಂದರೆ 1. ಮೂರರ ಗುಣಲಬ್ಧವನ್ನು 1.04ರ ಘನದಿಂದ ಭಾಗಿಸಿದ್ದು ಒಂದನ್ನು ಮೀರದು. ಸಂಖ್ಯೆಗಳು ಮೂರಿರಲಿ ಮುನ್ನೂರಿರಲಿ, ಧನವಾಗಿದ್ದರೆ ಇದೇ ಮೂರು ಸಾಲು ಸಾಕು. ಸಮ ಚಿಹ್ನೆ ಯಾವಾಗ? ಪ್ರತಿ t ಕೂಡ 1 ಆದಾಗ, ಅಂದರೆ ಎಲ್ಲ ವರ್ಷಗಳ ಲಾಭವೂ ಒಂದೇ ಆಗಿದ್ದಾಗ. ಉಳಿದೆಲ್ಲ ಸಂದರ್ಭದಲ್ಲೂ ಕೂಡಿ ಭಾಗಿಸಿದ ಸರಾಸರಿ ನಿಜವಾದ ಬೆಳವಣಿಗೆಗಿಂತ ಮೇಲೆಯೇ ಇರುತ್ತದೆ, ಏರಿಳಿತ ಜಾಸ್ತಿಯಾದಷ್ಟೂ ವ್ಯತ್ಯಾಸ ಸಾಮಾನ್ಯವಾಗಿ ಹಿಗ್ಗುತ್ತದೆ.

ಕೊನೆಗೆ, ಬಳಕೆಗೆ ಬಾರದಿದ್ದರೂ ಬಿಡಲು ಮನಸ್ಸಾಗದ ಒಂದು ಒಗಟು. e^π ದೊಡ್ಡದೋ, π^e ದೊಡ್ಡದೋ? ಕ್ಯಾಲ್ಕ್ಯುಲೇಟರ್ ಮುಟ್ಟಬಾರದು ಎಂಬ ಷರತ್ತಿನೊಂದಿಗೆ ಪಿಯುಸಿ ವಿದ್ಯಾರ್ಥಿಗಳಿಗೆ ಇದನ್ನು ಕೇಳಿ ನೋಡಿ. t ಜಾಗದಲ್ಲಿ π/e ಹಾಕಿದರೆ e^(π/e − 1) ಎಂಬುದು π/eಗಿಂತ ದೊಡ್ಡದು. ಎರಡೂ ಕಡೆ eಯಿಂದ ಗುಣಿಸಿದರೆ e^(π/e) > π. ಎರಡೂ ಕಡೆಯ e ಘಾತ ತೆಗೆದರೆ e^π > π^e. ಆಮೇಲೆ ಬೇಕಿದ್ದರೆ ಕ್ಯಾಲ್ಕ್ಯುಲೇಟರ್ ತೆಗೆಯಲಿ: 23.14 ಮತ್ತು 22.46. ಈ ಮೂರು ಹೆಜ್ಜೆಗಳಲ್ಲಿ πಯ ಯಾವ ವಿಶೇಷ ಗುಣವನ್ನೂ ಬಳಸಿಲ್ಲ. ಅದರ ಜಾಗದಲ್ಲಿ eಯನ್ನು ಬಿಟ್ಟು ಬೇರೆ ಯಾವ ಧನಸಂಖ್ಯೆ ಇಟ್ಟರೂ ಗೆಲ್ಲುವುದು e ಅಡಿಯಲ್ಲಿರುವ ಪಕ್ಷವೇ.